ಕೊನೆಯ ಒಂದೇ ಪೀಸ್

ತೃಪ್ತಿಯನ್ನು ನಾನು ಮೊದಲು ನೋಡಿದ್ದು ಸೊರಬದ ಹೈಸ್ಕೂಲಿನಲ್ಲಿ, ಎಂಟನೆಯ ತರಗತಿಯ ಎರಡನೇ ಬೆಂಚಿನಲ್ಲಿ. ಹೊಸಬಾಳೆಯಿಂದ ಬಸ್ಸಿಗೆ ಬರುತ್ತಿದ್ದ ಹುಡುಗಿ. ಒಮ್ಮೆ ಮಕ್ಕಳಿಗೆ ‘ನಮ್ಮ ಮನೆಯ ಹಸು’ ಎಂದು ಪ್ರಬಂಧ ಬರೆಯಲು ಹೇಳಿದ್ದೆ. ನಲವತ್ತು ಮಕ್ಕಳು ಹಸು ಸಾಧು ಪ್ರಾಣಿ ಎಂದು ಬರೆದರು. ತೃಪ್ತಿ ಬರೆದ ಮೊದಲ ವಾಕ್ಯ, ‘ನಮ್ಮ ಹಸು ಹಾಯುತ್ತದೆ, ಅಪ್ಪನಿಗೆ ಮಾತ್ರ ಹಾಯುವುದಿಲ್ಲ.’ ಆ ಪುಟವನ್ನು ತರಗತಿಗೆ ಓದಿ ತೋರಿಸಿದ್ದೆ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ ಎಂದು ಹೇಳುವುದು ಆ ದಿನಗಳಲ್ಲಿ ನನಗೆ ಸುಲಭವಾಗಿತ್ತು.

ನಿವೃತ್ತಿಯಾಗಿ ಶಿಕಾರಿಪುರಕ್ಕೆ ಬಂದ ಮೇಲೆ ಅವಳನ್ನು ಮತ್ತೆ ಕಂಡೆ. ನಮ್ಮ ಓಣಿಯ ತಿರುವಿನಲ್ಲೇ ಇರುವ ‘ಶ್ರೀರೇಖಾ ಬೂಟಿಕ್’ ಅವಳ ಗಂಡನ ಅಕ್ಕ ಶಶಿರೇಖಾ ಅವರದು. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ತೃಪ್ತಿಯೂ ಅವಳ ಗಂಡ ಸುರೇಂದ್ರನೂ ಇದ್ದಾರೆ. ಬಾಡಿಗೆಯಿಲ್ಲ. ಬಾಡಿಗೆಯಿಲ್ಲದ ಮನೆಯಲ್ಲಿ ಇರುವವರು ಹೇಗಿರಬೇಕೋ ಹಾಗೆ ಇದ್ದಾರೆ.

ಅಂಗಡಿಯ ವಾಟ್ಸಾಪ್ ಕ್ಯಾಟಲಾಗನ್ನು ಬರೆಯುವುದು ತೃಪ್ತಿಯ ಕೆಲಸ. ಬೆಳಿಗ್ಗೆ ಹತ್ತಕ್ಕೆ ಅವಳು ಸೀರೆಯನ್ನು ಗೊಂಬೆಗೆ ಉಡಿಸಿ, ಅದನ್ನು ಬಾಗಿಲ ಬಳಿಗೆ ಎಳೆದು ತರುತ್ತಾಳೆ. ಒಳಗಿನ ಟ್ಯೂಬ್‌ಲೈಟಿನಲ್ಲಿ ಹಸಿರು ನೀಲಿಯಾಗಿ ಕಾಣುತ್ತದೆ. ಹೊರಗಿನ ಬೆಳಕಿನಲ್ಲಿ ತೆಗೆದರೆ ಬಣ್ಣ ಸುಳ್ಳಾಡುವುದಿಲ್ಲ. ಸೆರಗಿನದೊಂದು, ಅಂಚಿನದೊಂದು, ಪೂರ್ತಿಯದೊಂದು ಫೋಟೋ. ಅನಂತರ ಹೆಸರು, ಕೋಡ್, ಬೆಲೆ. ಅದರ ಕೆಳಗೆ ವಿವರ: ಬಟ್ಟೆ ಯಾವುದು, ಎಷ್ಟು ಮೀಟರ್, ಬ್ಲೌಸ್ ಪೀಸ್ ಇದೆಯೇ, ಮನೆಯಲ್ಲೇ ಒಗೆಯಬಹುದೇ. ಇದು ಕ್ಯಾಟಲಾಗಿನಲ್ಲಿ ಉಳಿಯುತ್ತದೆ. ಸ್ಟೇಟಸ್ ಹಾಗಲ್ಲ, ಇಪ್ಪತ್ತನಾಲ್ಕು ಗಂಟೆಗೆ ಅಳಿಸಿಹೋಗುತ್ತದೆ. ಆದ್ದರಿಂದ ಮಾರದೆ ಉಳಿದ ಸೀರೆಗೆ ಪ್ರತಿ ಬೆಳಿಗ್ಗೆ ಹೊಸ ಮಾತು ಹುಡುಕಬೇಕು.

ಒಮ್ಮೆ ಒಂದು ಸೀರೆಗೆ ಅವಳು ‘ಮೋಡ ಕವಿದ ದಿನ ಅಂಜನಾಪುರ ಡ್ಯಾಮಿನ ನೀರು ಕಾಣುವ ಬಣ್ಣ’ ಎಂದು ಬರೆದಳು.

“ಏನೇ ಇದು, ನೀರು ಮಾರ್ತೀವೇನೇ ನಾವು?” ಎಂದರು ಶಶಿರೇಖಾ. “ಪೀಕಾಕ್ ಬ್ಲೂ ಅಂತ ಹಾಕು. ಕೆಳಗೆ ಕೊನೇ ಒಂದೇ ಪೀಸ್ ಅಂತ ಹಾಕು.”

“ನಾಲ್ಕಿದಾವಲ್ಲ ಅಕ್ಕ.”

“ಕೊಳ್ಳೋಳಿಗೆ ಒಂದೇ ತಾನೆ ಬೇಕಾಗೋದು? ಹಾಕು.”

ಶಶಿರೇಖಾ ಕೆಟ್ಟವರಲ್ಲ. ಗಂಡನನ್ನು ಕಳೆದುಕೊಂಡ ಮೇಲೆ ಒಂದು ಹೊಲಿಗೆ ಯಂತ್ರದಿಂದ ಈ ಅಂಗಡಿಯನ್ನು ಎಬ್ಬಿಸಿದವರು, ತಮ್ಮನನ್ನು ಓದಿಸಿದವರು. ಅವರಿಗೆ ಇಲ್ಲ ಎನ್ನುವವರು ಆ ಮನೆಯಲ್ಲಿ ಯಾರೂ ಇಲ್ಲ ಅಷ್ಟೆ.

ತೃಪ್ತಿಯ ತೊಡಕು ಇನ್ನೊಂದಿತ್ತು. ಅಂಗಡಿಯ ನಂಬರ್ ಅವಳ ಸ್ವಂತ ನಂಬರ್. ಕೊರೊನಾ ಕಾಲದಲ್ಲಿ ಅಂಗಡಿ ಮುಚ್ಚಿದ್ದಾಗ, ಚೆನ್ನಾಗಿ ಫೋಟೋ ಬರುತ್ತಿದ್ದುದು ಅವಳ ಫೋನಿನಲ್ಲಿ ಮಾತ್ರ. ಸದ್ಯಕ್ಕೆ ಎಂದು ಅದರಲ್ಲೇ ವ್ಯಾಪಾರದ ವಾಟ್ಸಾಪ್ ಹಾಕಿದರು. ಆ ಸದ್ಯ ಮುಗಿಯಲೇ ಇಲ್ಲ. ಮದುವೆಗೆ ಮುಂಚೆ ಅಪ್ಪ ಕೊಡಿಸಿದ್ದ ನಂಬರ್ ಈಗ ಎಂಟುನೂರು ಹೆಂಗಸರ ಫೋನಿನಲ್ಲಿ ಬೂಟಿಕ್ ಎಂದು ಉಳಿದಿದೆ. ಹೊಸಬಾಳೆಯಿಂದ ಅವಳ ತಾಯಿ ತಾಯಮ್ಮ ಪಕ್ಕದ ಮನೆಯವರ ಫೋನಿನಿಂದ ಕರೆ ಮಾಡಿದರೆ, ಮಗಳು “ಹೇಳಿ ಮೇಡಂ, ಯಾವ ಕೋಡು?” ಎನ್ನುತ್ತಾಳೆ. “ನಾನೇ ಮಾರಾಯ್ತಿ, ನಿನ್ನ ಹೆತ್ತವಳು, ನಂಗೆಂತ ಕೋಡು?” ಎಂದು ತಾಯಿ ನಗುತ್ತಾರೆ.

ನಂಬರ್ ಹಿಂದಕ್ಕೆ ಕೊಡಿ ಎಂದು ತೃಪ್ತಿ ಎರಡು ಸಲ ಕೇಳಿದ್ದಳು. ಖಾತೆಯನ್ನು ಹೊಸ ನಂಬರಿಗೆ ಬದಲಿಸುವ ಅನುಕೂಲ ವಾಟ್ಸಾಪಿನಲ್ಲೇ ಇದೆ. ಆದರೆ ಕೊಳ್ಳುವವರು ಹೊಸ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಳ್ಳದ ಹೊರತು ಅವರಿಗೆ ಸ್ಟೇಟಸ್ ಕಾಣುವುದಿಲ್ಲ. “ಎಂಟುನೂರರಲ್ಲಿ ನೂರು ಜನ ಉಳಿಸ್ಕಂಡ್ರೆ ಹೆಚ್ಚು. ಅಂಗಡಿ ಮುಚ್ಚಲೇನು?” ಎಂದರು ಶಶಿರೇಖಾ. ಸುರೇಂದ್ರ ಅನ್ನ ಕಲಸುತ್ತಾ, “ಅಕ್ಕ ಹೇಳೋದ್ರಲ್ಲೂ ಅರ್ಥ ಐತಲ್ಲ” ಎಂದ. ಅವನು ಯಾವಾಗಲೂ ಅಷ್ಟೇ ಹೇಳುವುದು.

ಹೋದ ಮಾರ್ಗಶಿರದಲ್ಲಿ ಹಸಿರು ಸೀರೆಯ ಒಂದು ಕಟ್ಟು ಬಂತು. ಎಳೆ ಬಾಳೆಲೆಯ ಹಸಿರು, ಕುಂಕುಮದ ಅಂಚು, ಕೋಡ್ ನೂರ ಹದಿನೆಂಟು. ಒಟ್ಟು ಐದು. ಶಶಿರೇಖಾ ಹೇಳಿದ ಹಾಗೆ ತೃಪ್ತಿ ಬರೆದಳು: ‘ಕೊನೆಯ ಒಂದೇ ಪೀಸ್.’

ಸೋಮವಾರ ಕುಬಟೂರಿನ ವನಜಮ್ಮ ಅದನ್ನು ನೋಡಿ ತೆಗೆದುಕೊಂಡರು. ಮಗಳು ಮಮತಾಳ ಸೀಮಂತಕ್ಕೆ. ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ ಹಸಿರು ಬಳೆ ತೊಡಿಸಬೇಕು. ಬುಧವಾರ ಅದೇ ಸಾಲನ್ನು ಮತ್ತೆ ಹಾಕಿದಾಗ ಅಂಜನಾಪುರದ ಧನಲಕ್ಷ್ಮಿ ಅಂಗಡಿಗೇ ಬಂದು ಒಂದನ್ನು ಒಯ್ದಳು. ಆಕೆ ಮಮತಾಳ ನಾದಿನಿ ಎಂಬುದು ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶುಕ್ರವಾರ ಮೂರನೆಯದೂ ಹೋಯಿತು.

ಭಾನುವಾರ ಕುಬಟೂರಿನಲ್ಲಿ ಮಮತಾಳನ್ನು ಕುರ್ಚಿಯ ಮೇಲೆ ಕೂರಿಸಿ, ಆರತಿ ಎತ್ತಲು ನಾದಿನಿಯನ್ನು ಕರೆದರು. ಧನಲಕ್ಷ್ಮಿ ತಟ್ಟೆ ಹಿಡಿದು ಬಂದಳು. ಅದೇ ಹಸಿರು, ಅದೇ ಅಂಚು. ಹಿಂದಿನ ಸಾಲಿನಿಂದ ಒಬ್ಬಾಕೆ, “ಇಬ್ರಲ್ಲಿ ಬಸುರಿ ಯಾರೇ?” ಎಂದಳು. ಎಲ್ಲರೂ ನಕ್ಕರು.

ಧನಲಕ್ಷ್ಮಿಗೆ ಮದುವೆಯಾಗಿ ಏಳು ವರ್ಷ. ಮಕ್ಕಳಿಲ್ಲ.

ಅವಳು ಆರತಿ ಮುಗಿಸಿದಳು, ತಟ್ಟೆ ಕೆಳಗಿಟ್ಟಳು. ಒಳಗೆ ಹೋಗಿ ಯಾರದೋ ಹಳೆಯ ಸೀರೆಯನ್ನು ಉಟ್ಟುಕೊಂಡು, ಊಟ ಮಾಡದೆ ಬಸ್ ಹತ್ತಿದಳು.

ವನಜಮ್ಮ ಅಂದೇ ಸಂಜೆ ಕರೆ ಮಾಡಿದರು. ಅವರ ಫೋನಿನಲ್ಲಿದ್ದುದು ತೃಪ್ತಿಯ ನಂಬರ್.

“ನೀನು ಹೊಸಬಾಳೆ ತಾಯಮ್ಮನ ಮಗಳಲ್ದನೇ? ಒಂದೇ ಪೀಸ್ ಅಂತ ಬರ್ದವಳು ನೀನೇ ಹೌದಾ? ನಮ್ ಹುಡುಗಿ ಅದ್ರ ಫೋಟೋ ತೆಗ್ದಿಟ್ಕಂಡಿದ್ದಾಳೆ, ಕಳ್ಸ್ಲಾ?”

“ಬೇಡ ವನಜಕ್ಕ. ನಾನೇ ಬರೆದದ್ದು.”

“ಮಾರೋರು ಸುಳ್ಳು ಹೇಳ್ತ್ರು ಅಂತ ಗೊತ್ತು ನಂಗೆ. ನಿನ್ ನಂಬರಿಂದ ಬಂತಲ್ಲ ಅಂತ ನಂಬಿದ್ದು ಕಣೆ.”

ಮಾರನೆಯ ದಿನ ತೃಪ್ತಿ ನಮ್ಮ ಮನೆಗೆ ಬಂದಳು. ನನ್ನ ಮನೆಯಾಕೆ ಕೊಟ್ಟ ಕಾಫಿ ಕೈಯಲ್ಲೇ ಆರಿತು.

“ಸಾರ್, ಅಕ್ಕ ಬರ್ಸಿದ್ದು ಅಂತ ನಂಗೆ ಬಾಯಿಗೆ ಬಂದಿತ್ತು. ಹೇಳ್ಲಿಲ್ಲ. ಬರ್ದ ಕೈ ನಂದೇ ಅಲ್ದಾ? ಈಗ ನನ್ ಮಾತನ್ನ ಯಾರ್ ನಂಬ್ತ್ರು? ಕೆಲಸ ಬಿಡ್ತೀನಿ ಅಂದ್ರೆ ಮನೆ ಬಿಡ್ಬೇಕು. ಮನೆ ಬಿಟ್ರೂ ನಂಬರ್ ಇಲ್ಲೇ ಇರ್ತದೆ. ನನ್ ಹೆಸ್ರಲ್ಲಿ ಸುಳ್ಳು ಬರೀತಾನೇ ಇರ್ತದೆ.”

ಮೇಷ್ಟರುಗಳಿಗೆ ಒಂದು ಕೆಟ್ಟ ಅಭ್ಯಾಸ. ದಾರಿ ಗೊತ್ತಿಲ್ಲದಿದ್ದರೂ ಉತ್ತರ ಕೊಡುತ್ತಾರೆ. “ತಪ್ಪು ಎಲ್ಲಿ ಬರೆದೆಯೋ ಅಲ್ಲೇ ತಿದ್ದಿ ಬರೆ” ಎಂದೆ.

ಅವಳು ನಮ್ಮ ಜಗಲಿಯ ಮೇಲೆ ಕುಳಿತೇ ಬರೆದಳು. ಬರೆದದ್ದನ್ನು ನನಗೆ ತೋರಿಸಿದಳು. ತಿದ್ದುವಂಥದ್ದು ಏನೂ ಇರಲಿಲ್ಲ.

‘ನೂರ ಹದಿನೆಂಟನೆಯ ಹಸಿರು ಸೀರೆ ಒಂದೇ ಪೀಸ್ ಎಂದು ಬರೆದಿದ್ದೆ. ಐದು ಇದ್ದವು. ಇದರಿಂದ ಒಬ್ಬರಿಗೆ ತುಂಬ ನೋವಾಗಿದೆ. ಬರೆದವಳು ನಾನು, ತಪ್ಪು ನನ್ನದು. ಈಗ ಎರಡು ಉಳಿದಿವೆ. ಯಾರಿಗಾದರೂ ಸೀರೆ ಬೇಡವೆನಿಸಿದರೆ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ತೃಪ್ತಿ.’

ಸ್ಟೇಟಸ್ ಹಾಕಿದಳು. ಕ್ಯಾಟಲಾಗಿನ ವಿವರದಲ್ಲೂ ಸಂಖ್ಯೆಯನ್ನು ತಿದ್ದಿದಳು. ಮತ್ತೆ ಕೆಲಸಕ್ಕೆ ಹೋದಳು. ಕೆಲಸಕ್ಕಲ್ಲದೆ ಅವಳು ಹೋಗುವ ಜಾಗ ಬೇರೆ ಇರಲಿಲ್ಲ.

ಶಶಿರೇಖಾಗೆ ತಿಳಿಯಲು ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತಿಗೆ ಇನ್ನೂರ ಹನ್ನೆರಡು ಜನ ನೋಡಿದ್ದರು. ಶಶಿರೇಖಾ ಅವರ ಧ್ವನಿ ನಮ್ಮ ಅಂಗಳಕ್ಕೆ ಕೇಳಿಸಿತು.

“ನನ್ ಅಂಗಡೀಲಿ ಕೂತ್ಕಂಡು ನನ್ ಮರ್ಯಾದೆ ತೆಗೀತೀಯಾ? ಅಳಿಸು! ಈಗ್ಲೇ ಅಳಿಸು!”

“ನಿಮ್ಮ ಹೆಸರು ಬರೆದಿಲ್ಲ ಅಕ್ಕ. ನಂದೇ ಬರೆದೀನಿ.”

“ಹಿಂದಕ್ಕೆ ತಗೋತೀವಿ ಅಂತ ಬರ್ಯಾಕೆ ನಿಂಗ್ಯಾರು ಹೇಳಿದ್ರು?”

ತೃಪ್ತಿ ಅಳಿಸಿದಳು. ಅಳಿಸುವ ಮೊದಲು ನೋಡಿದವರ ಪಟ್ಟಿಯನ್ನು ಕೊನೆಯವರೆಗೆ ಸರಿಸಿದಳಂತೆ. ಧನಲಕ್ಷ್ಮಿಯ ಹೆಸರಿತ್ತು. ಅವಳಿಂದ ಮಾತೇನೂ ಬಂದಿರಲಿಲ್ಲ.

ಮಾತು ಬಂದದ್ದು ಉಳಿದವರಿಂದ. ‘ಎರಡು ಇವೆಯಾ? ನನಗೊಂದು ಇಡಿ’ ಎಂದು ಏಳು ಜನ. ‘ನೀಲಿಯದು ಎಷ್ಟಿದೆ, ಖರೆ ಹೇಳಮ್ಮ’ ಎಂದು ಹಲವರು. ಒಬ್ಬರೂ ಸೀರೆಯನ್ನು ಹಿಂದಿರುಗಿಸಲಿಲ್ಲ. ಹಸಿರು ಸೀರೆಗಳು ಎರಡೂ ಅಂದೇ ಹೋದವು. ಶಶಿರೇಖಾ ಆ ಸಂದೇಶಗಳನ್ನೆಲ್ಲ ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದಿದರು. ಮೂರನೆಯ ದಿನ ಹೊಸ ಕಟ್ಟು ಬಿಚ್ಚುತ್ತಾ ಅವರೇ ಹೇಳಿದರು:

“ಎಷ್ಟಿದಾವೋ ಅಷ್ಟೇ ಬರಿ. ಕೆಳಗೆ ನಿನ್ ಹೆಸ್ರು ಹಾಕು. ಜನಕ್ಕೆ ನಿನ್ ಮ್ಯಾಲೆ ನಂಬಿಕೆ ಬಂದೈತಿ.”

ತೃಪ್ತಿ ಆ ಗಳಿಗೆಯನ್ನು ಬಿಡಲಿಲ್ಲ. “ಹಂಗಾದ್ರೆ ಅಂಗಡಿಗೆ ಬೇರೆ ನಂಬರ್ ತಗೊಳ್ಳಿ ಅಕ್ಕ. ನಾನೇ ಎಲ್ಲರಿಗೂ ತಿಳಿಸ್ತೀನಿ.”

“ಹುಚ್ಚಿ! ಇಷ್ಟು ದಿನ ನಂಬರ್ ಒಂದೇ ಬೇಕಿತ್ತು. ಈಗ ನಂಬರೂ ನೀನೂ ಎರಡೂ ಬೇಕು” ಎಂದರು ಶಶಿರೇಖಾ, ಅದನ್ನು ಪ್ರೀತಿಯಿಂದಲೇ ಎಂದರು. ಆ ತಿಂಗಳು ಅವಳಿಗೆ ಹೊಸ ಫೋನನ್ನೂ ಕೊಡಿಸಿದರು. ಒಳಗೆ ಹಾಕಿದ್ದು ಹಳೆಯ ಸಿಮ್ಮನ್ನೇ.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಮೊನ್ನೆ, ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಗೊಂಬೆಯ ಸೆರಗು ಸರಿಪಡಿಸುತ್ತಾ. ನಾನು ಕೊಟ್ಟ ಸಲಹೆ ಅವಳನ್ನು ಬಿಡಿಸಲಿಲ್ಲ, ಇನ್ನಷ್ಟು ಬಿಗಿಯಾಗಿ ಕಟ್ಟಿತು ಎಂದು ನನಗೆ ಅನಿಸಿತು. ಹಾಗೆಂದು ಅವಳಿಗೆ ಹೇಳಿದೆ ಕೂಡ.

“ಹಂಗೇ ಅಂತ ನಾನೂ ಅಂದ್ಕಂಡಿದ್ದೆ ಸಾರ್. ಇನ್ನೊಂದು ತಿಂಗ್ಳು ನೋಡಿ, ಸಿಮ್ ಮುರಿದು ಬಿಸಾಕೋದೇ ಅಂತಿದ್ದೆ” ಎಂದಳು. ಆಮೇಲೆ ಫೋನನ್ನು ನನ್ನ ಕಡೆ ತಿರುಗಿಸಿದಳು. “ನಿನ್ನೆ ಬಂತು ಇದು.”

ಧನಲಕ್ಷ್ಮಿಯ ಸಂದೇಶ. ‘ಅಣ್ಣನ ಮಗುವಿನ ತೊಟ್ಟಿಲಿಗೆ ಹೋಗಬೇಕು. ಹಸಿರು ಬೇಡ. ಬೇರೆ ಯಾವುದಾದರೂ ಇದ್ದರೆ ಹೇಳಿ. ಎಷ್ಟಿದೆ ಅಂತಲೂ ಹೇಳಿ.’

ಕೆಳಗೆ ತೃಪ್ತಿಯ ಉತ್ತರ. ‘ಮೋಡದ ದಿನ ನಿಮ್ಮೂರ ನೀರು ಕಾಣುವ ಬಣ್ಣದ್ದೊಂದು ಇದೆ. ನಾಲ್ಕು ಇದ್ದವು. ಮೂರನ್ನು ಯಾರು ಒಯ್ದರು ಎಂದು ಪುಸ್ತಕ ನೋಡಿದೆ. ನಿಮ್ಮ ಕಡೆಯವರು ಯಾರೂ ಅಲ್ಲ. ಇದು ನಿಜವಾಗಿಯೂ ಒಂದೇ. ಕ್ಯಾಟಲಾಗಿನಿಂದ ಮರೆಮಾಡಿದ್ದೇನೆ, ನೀವು ಬರುವವರೆಗೆ ಯಾರಿಗೂ ಕಾಣುವುದಿಲ್ಲ.’

“ಈಗ ಈ ನಂಬರ್ ಹೆಂಗೆ ಮುರೀಲಿ, ಹೇಳಿ ಸಾರ್” ಎಂದಳು.

ಒಳಗಿನಿಂದ ಶಶಿರೇಖಾ ಕೂಗಿದರು, “ಗಂಟೆ ಹನ್ನೊಂದಾತು, ಸ್ಟೇಟಸ್ ಎಲ್ಲಿ?” ತೃಪ್ತಿ ಗೊಂಬೆಯ ಸೊಂಟ ಹಿಡಿದು ಬೆಳಕಿನ ಕಡೆಗೆ ಎಳೆದಳು. ನಾನು ಮನೆ ಸೇರುವಷ್ಟರಲ್ಲಿ ನನ್ನ ಫೋನಿನಲ್ಲೂ ಅದು ಬಂದಿತ್ತು. ಹಳದಿ ಸೀರೆ, ಆರು ಪೀಸ್, ಕೆಳಗೆ ಅವಳ ಹೆಸರು.