ಹದಿನಾರೂವರೆ ಗ್ರಾಂ

ಗುಂಡ್ಲುಪೇಟೆಯ ನಮ್ಮ ಅಂಗಡಿಯನ್ನು ಅಂಗಡಿ ಅನ್ನುವುದಕ್ಕೆ ನನಗೇ ನಾಚಿಕೆ. ಮುಂದೆ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಬೆಳ್ಳಿಯ ಕಾಲ್ಗೆಜ್ಜೆ, ಕಾಲುಂಗುರ. ಹಿಂದೆ ನನ್ನ ಗಂಡ ಕೂತು ಕೆಲಸ ಮಾಡುವ ಜಾಗ. ಚಿನ್ನ ಅಂತ ನಮ್ಮಲ್ಲಿ ಇರುವುದೆಲ್ಲ ಆರ್ಡರ್ ಕೊಟ್ಟವರದ್ದು, ಇಲ್ಲವೇ ರಿಪೇರಿಗೆ ಬಂದವರದ್ದು. ಬಂದವರು ನಂಬಿ ಬರಬೇಕು, ನಾವು ಆ ನಂಬಿಕೆ ಉಳಿಸಿಕೊಂಡು ಕೂಲಿ ತಿನ್ನಬೇಕು, ಅಷ್ಟೇ ನಮ್ಮ ವ್ಯಾಪಾರ. ರೇಟು ನೋಡುವುದು, ಚಿನ್ನದ ಗಟ್ಟಿ ತರುವುದು, ಬಿಲ್ಲು ಬರೆಯುವುದು ನನ್ನ ಪಾಲಿಗೆ. ನಾನು ಬಿಕಾಂ ಓದಿದವಳು. ಆ ಜಂಬ ನನಗೆ ಇತ್ತು ಅನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆ ವರ್ಷ ಆಷಾಢ ಹುಟ್ಟಿದ ಎರಡನೇ ದಿನ ತೆರಕಣಾಂಬಿಯಿಂದ ಬಾಳೆ ಮಂಡಿಯ ಅಮ್ಮ ಬಂದರು. ಇಬ್ಬರು ಹೆಣ್ಣುಮಕ್ಕಳಿಗೆ ಶ್ರಾವಣದಲ್ಲಿ ಒಂದೇ ಚಪ್ಪರದಡಿ ಮದುವೆ. ಇಬ್ಬರಿಗೂ ಸೇರಿ ನಾನೂರು ಗ್ರಾಂ ಒಡವೆ. ನಮ್ಮಂಥ ಅಂಗಡಿಗೆ ಅಷ್ಟು ದೊಡ್ಡ ಆರ್ಡರ್ ಅದುವರೆಗೆ ಬಂದಿರಲಿಲ್ಲ. ಬಾಳೆ ಮಾರಿದ ದುಡ್ಡು ಕೈಯಲ್ಲಿದ್ದರೆ ಕರಗಿಹೋಗುತ್ತದೆ ಅಂತ ಚಿನ್ನದ ಪೂರ್ತಿ ಹಣವನ್ನು ಅವತ್ತೇ ನಮ್ಮ ಬ್ಯಾಂಕಿಗೆ ಹಾಕಿಸಿದರು. ಮೂವತ್ತೈದು ಲಕ್ಷದ ಮೇಲೆ ಚಿಲ್ಲರೆ.

"ಇವತ್ತಿನ ರೇಟೇ ಕಣವ್ವ. ಆಸಾಡ್ದಲ್ಲಿ ಚಿನ್ನ ಮನ್ಗೆ ತರಾಕಿಲ್ಲ ನಾವು. ಸ್ರಾವಣ ಉಟ್ಟಲಿ, ಬಂದು ಎತ್ಕೊಂಡ್ ಓಯ್ತೀವಿ" ಅಂದರು.

ಹೀಗೆ ರೇಟು ಕಟ್ಟಿದ ದಿನವೇ ಅಂಗಡಿಯವರು ಅಷ್ಟು ತೂಕದ ಗಟ್ಟಿಯನ್ನು ಎತ್ತಿ ಇಟ್ಟುಕೊಳ್ಳಬೇಕು. ನಾನೂರು ಗ್ರಾಂ ಒಡವೆಗೆ ಅಪ್ಪಟ ಗಟ್ಟಿ ಮುನ್ನೂರ ಅರವತ್ತೇಳು ಗ್ರಾಂ ಬೇಕು, ಉಳಿದದ್ದು ತಾಮ್ರ ಬೆಳ್ಳಿಯ ಬೆರಕೆ. ಆಮೇಲೆ ರೇಟು ಏರಲಿ ಇಳಿಯಲಿ, ನಮಗೇನೂ ಆಗುವುದಿಲ್ಲ. ಗಟ್ಟಿ ಕೊಳ್ಳದೆ ದುಡ್ಡು ಸುಮ್ಮನೆ ಬ್ಯಾಂಕಿನಲ್ಲಿ ಕೂತರೆ ಮಾತ್ರ ನಾವು ಕೆಟ್ಟೆವು. ಇದು ಅಕ್ಕಸಾಲಿಗರ ಮನೆಯ ಮಕ್ಕಳಿಗೂ ಗೊತ್ತಿರುವ ಸಂಗತಿ.

ಗಟ್ಟಿ ತರಲು ನಾನು ಚಾಮರಾಜನಗರಕ್ಕೆ ಹೊರಟು ಚೀಲ ಹಿಡಿದಾಗ ಮಾವ ಬಾಗಿಲಲ್ಲಿ ಕೂತಿದ್ದರು. ಅವರ ಕಾಲದಿಂದ ನಮ್ಮ ಅಂಗಡಿಗೆ ಒಂದು ಕಟ್ಟಳೆ: ಆಷಾಢದಲ್ಲಿ ಹೊಸ ಗಟ್ಟಿ ಒಳಗೆ ಬರಬಾರದು. ಹಳೆ ಚಿನ್ನ ಬರಬಹುದು, ರಿಪೇರಿ ಬರಬಹುದು, ಹೊಸದಾಗಿ ಕೊಂಡ ಗಟ್ಟಿ ಮಾತ್ರ ಹೊಸ್ತಿಲು ದಾಟಬಾರದು.

"ಇಷ್ಟ್ ವರ್ಸ ತಂದಿಲ್ಲ. ಈಗ ತಂದು ನನ್ ಕಣ್ ಮುಂದೆ ಕೆಡಿಸ್ಬೇಡ ಕಣಮ್ಮಿ" ಅಂದರು ಮಾವ.

ಗಂಡ ತಲೆ ಎತ್ತಲಿಲ್ಲ. ಅಪ್ಪನ ಎದುರು ಅವರು ಯಾವಾಗ ತಲೆ ಎತ್ತಿದ್ದರು? ನಾನು ಜಗಳ ಆಡಬಹುದಿತ್ತು. ಬೇರೆ ವಿಷಯಕ್ಕೆಲ್ಲ ಮನೆ ಮೇಲಿನ ಹೆಂಚು ಹಾರಿಹೋಗುವ ಹಾಗೆ ಜಗಳ ಆಡಿದವಳು ನಾನು. ಅವತ್ತು ಆಡಲಿಲ್ಲ, ಯಾಕೆಂದರೆ ನನ್ನ ಫೋನು ನನಗೆ ಧೈರ್ಯ ಹೇಳುತ್ತಿತ್ತು. ಹೊರದೇಶದ ಚಿನ್ನದ ಬೆಲೆಯನ್ನು ನಾನು ದಿನವೂ ಅದರಲ್ಲಿ ನೋಡುತ್ತಿದ್ದೆ. ಒಂದು ಔನ್ಸಿಗೆ ಮೂರು ಸಾವಿರದ ಮುನ್ನೂರು ಡಾಲರ್. ವಾರಗಳಿಂದ ಗೆರೆ ಅಲ್ಲೇ ಮಲಗಿತ್ತು. ಮಲಗಿರಲಿ, ಮಾವನ ಮಾತೂ ಉಳಿಯುತ್ತದೆ, ಶ್ರಾವಣ ಬಂದ ಮೇಲೆ ಇದೇ ರೇಟಿಗೆ ತಂದರಾಯಿತು ಅಂದುಕೊಂಡು ಚೀಲ ಕೆಳಗಿಟ್ಟೆ.

ಊರಿನ ರೇಟು ಏರುವುದು ನನಗೆ ಕಾಣಲಿಲ್ಲ ಅಂತಲ್ಲ. ಬೆಳಿಗ್ಗೆ ಬೋರ್ಡಿನ ಮೇಲೆ ರೇಟು ಬರೆಯುವವಳು ನಾನೇ. ಇವತ್ತು ಇಪ್ಪತ್ತು ರೂಪಾಯಿ, ನಾಳೆ ಹದಿನೈದು, ಒಂದು ದಿನ ಇಳಿದು ಮಾರನೇ ದಿನ ಮತ್ತೆ ಮೂವತ್ತು. ಫೋನು ತೆಗೆದು ಔನ್ಸ್ ನೋಡುತ್ತಿದ್ದೆ, ಅದು ಅಲ್ಲಾಡಿರುತ್ತಿರಲಿಲ್ಲ. ದೊಡ್ಡ ಅಂಗಡಿಯವರು ಮದುವೆ ಸೀಸನ್ನಿಗೆ ಮುಂಚೆ ಸೇರಿಕೊಂಡು ಏರಿಸುತ್ತಿದ್ದಾರೆ, ಹೊರಗೆ ಏರದೆ ಇಲ್ಲಿ ಎಷ್ಟು ದಿನ ಏರೀತು, ತಾನಾಗಿ ಇಳಿಯುತ್ತದೆ ಅಂತ ಗಂಡನಿಗೆ ಪಾಠ ಮಾಡಿದೆ. ಪಾಪ, ಅವರು ನಂಬಿದರು. ಆಷಾಢ ಮುಗಿಯಿತು, ರೇಟು ಇಳಿಯಲಿಲ್ಲ.

ಶ್ರಾವಣದ ಮೊದಲ ದಿನವೇ ಚಾಮರಾಜನಗರಕ್ಕೆ ಓಡಿದೆ. ಗಟ್ಟಿ ಮಾರುವವರು ನಮಗೆ ಹಳಬರು. ನನ್ನ ಬ್ಯಾಂಕಿನ ಮೊತ್ತ ಕೇಳಿ ಕ್ಯಾಲ್ಕುಲೇಟರ್ ಒತ್ತಿದರು. "ಮುನ್ನೂರ ಐವತ್ತೂವರೆ ಗ್ರಾಂ ಬತ್ತದೆ ಅಕ್ಕ."

"ಮುನ್ನೂರ ಅರವತ್ತೇಳು ಬರಬೇಕಲ್ಲ?"

"ಆಸಾಡ್ದ ಸುರೂನಲ್ಲಿ ಬಂದಿದ್ರೆ ಬರೋದು."

ನನಗೆ ಸಿಟ್ಟು ನೆತ್ತಿಗೇರಿತು. ಫೋನನ್ನು ಅವರ ಮೂಗಿನ ಹತ್ತಿರ ಹಿಡಿದೆ. ಔನ್ಸಿಗೆ ಅದೇ ಮೂರು ಸಾವಿರದ ಮುನ್ನೂರು, ಒಂದು ಡಾಲರ್ ಆಚೆ ಈಚೆ ಇಲ್ಲ, ನೀವೆಲ್ಲ ಸೇರಿ ಯಾರ ತಲೆ ಬೋಳಿಸುತ್ತಿದ್ದೀರಿ ಅಂತ ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

"ಚಿನ್ನ ಮಲಗದೆ ನಿಜ ಅಕ್ಕ. ನಮ್ ರೂಪಾಯಿ ಬಿದ್ದದಲ್ಲ, ಅದ್ನ ನೋಡಿದ್ರಾ?" ಅಂದರು. "ಚಿನ್ನ ನಮ್ ಒಲದಲ್ಲಿ ಬೆಳೀತದಾ? ಒರಗಡೆಯಿಂದ ಡಾಲರ್ ಕೊಟ್ಟು ತರ್ಬೇಕು. ಆವತ್ತು ಒಂದು ಡಾಲರ್‌ಗೆ ಎಂಬತ್ತೈದು ರೂಪಾಯಿ. ಇವತ್ತು ಎಂಬತ್ತೊಂಬತ್ತು. ಅದೇ ಚಿನ್ನ, ಅದೇ ಡಾಲರು, ನಾವು ಕೊಡೋ ರೂಪಾಯಿ ಜಾಸ್ತಿ ಆಯ್ತು."

ಚೀಟಿಯ ಮೇಲೆ ಬರೆದು ತೋರಿಸಿದರು. ಮೂರು ಸಾವಿರದ ಮುನ್ನೂರನ್ನು ಎಂಬತ್ತೈದರಿಂದ ಗುಣಿಸಿ, ಔನ್ಸಿನ ಮೂವತ್ತೊಂದು ಪಾಯಿಂಟ್ ಒಂದು ಗ್ರಾಮಿನಿಂದ ಭಾಗಿಸಿದರೆ ಗ್ರಾಮಿಗೆ ಒಂಬತ್ತು ಸಾವಿರದ ಇಪ್ಪತ್ತರ ಹತ್ತಿರ. ಅದರ ಮೇಲೆ ಆಮದು ಸುಂಕ ನೂರಕ್ಕೆ ಆರು. ಒಂಬತ್ತು ಸಾವಿರದ ಐನೂರ ಅರವತ್ತು. ಎಂಬತ್ತೈದರ ಜಾಗದಲ್ಲಿ ಎಂಬತ್ತೊಂಬತ್ತು ಹಾಕಿದರೆ ಹತ್ತು ಸಾವಿರದ ಹತ್ತು. ಸುಂಕವೂ ಹೆಚ್ಚಾದ ರೂಪಾಯಿಯ ಮೇಲೆ ಬೀಳುವುದರಿಂದ ಅದೂ ಜೊತೆಗೆ ಬೆಳೆದಿತ್ತು. ಗ್ರಾಮಿಗೆ ನಾನೂರ ಐವತ್ತು ರೂಪಾಯಿ, ಹೊರಗಡೆ ಚಿನ್ನ ಒಂದು ಕೂದಲೆಳೆಯಷ್ಟು ಅಲ್ಲಾಡದೆ.

ಲೆಕ್ಕ ಒಂದೇ ನಿಮಿಷದ್ದು. ಬಿಕಾಂನಲ್ಲಿ ಇದಕ್ಕಿಂತ ಕಷ್ಟದ್ದು ಮಾಡಿದ್ದೆ. ಫೋನಿನಲ್ಲಿ ಡಾಲರ್ ಗೆರೆ ನೋಡಿದೆ, ಆ ಡಾಲರನ್ನು ನಾನು ಯಾವುದರಲ್ಲಿ ಕೊಳ್ಳುತ್ತೇನೆ ಅಂತ ಒಂದು ದಿನವೂ ಕೇಳಿಕೊಳ್ಳಲಿಲ್ಲ. ಕೂತಲ್ಲೇ ಅಳು ಬಂತು. ಮಾವನನ್ನು ಬೈದುಕೊಂಡೆ, ನನ್ನನ್ನು ಇನ್ನೂ ಜಾಸ್ತಿ ಬೈದುಕೊಂಡೆ. ಬಂದಷ್ಟು ಗಟ್ಟಿಗೆ ಹಣ ಹಾಕಿ, ಸೆರಗಿನೊಳಗೆ ಕಟ್ಟಿಕೊಂಡು ಬಸ್ಸು ಹತ್ತಿದೆ. ಹದಿನಾರೂವರೆ ಗ್ರಾಂ ಕಮ್ಮಿ.

ಬಸ್ಸು ತೆರಕಣಾಂಬಿಯಲ್ಲಿ ನಿಂತಾಗ ಯೋಚಿಸದೆ ಇಳಿದುಬಿಟ್ಟೆ. ಮಂಡಿಯ ಅಮ್ಮ ಜಗಲಿಯಲ್ಲಿ ಕೂತು ಮದುವೆಯ ಸೀರೆ ವಿಂಗಡಿಸುತ್ತಿದ್ದರು. ಕಾಫಿ ಕೊಟ್ಟರು. ರೂಪಾಯಿ, ಡಾಲರ್, ಔನ್ಸ್ ಎಲ್ಲ ಹೇಳಿದೆ, ಹೊಸದಾಗಿ ಕಲಿತ ಮಗುವಿನ ಹಾಗೆ ಒಪ್ಪಿಸಿದೆ. ಕಮ್ಮಿ ಬಿದ್ದ ಗಟ್ಟಿಗೆ ಬೆರಕೆ ಸೇರಿದರೆ ಹದಿನೆಂಟು ಗ್ರಾಂ ಆಗುತ್ತದೆ, ಅಷ್ಟು ಒಡವೆ ಕಡಿಮೆ ತಗೊಳ್ಳಿ ಅಮ್ಮ, ಕೈ ಮುಗಿಯುತ್ತೇನೆ ಅಂದೆ. ಅವರು ಸೀರೆ ಮಡಚುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

"ಅಲ್ಲ ಕಣವ್ವ, ಆಸಾಡ್ದಲ್ಲಿ ನಾವು ಮನ್ಗೆ ತರಾಕಿಲ್ಲ ಅಂದೋ. ನೀವು ಕೊಂಡ್ಕಬೇಡಿ ಅಂತ ಯಾರಂದ್ರು?"

ನಾನು ಕಾಫಿ ಲೋಟ ಕೆಳಗಿಟ್ಟೆ.

"ಬೀಗ್ರ ಮುಂದೆ ನಾನೂರು ಅಂತ ಮಾತಾಡ್ಬುಟ್ಟಿವ್ನಿ. ಒಂದ್ ಗ್ರಾಂ ಕಮ್ಮಿ ಆದ್ರೂ ಮೊದ್ಲ ದಿನವೇ ನನ್ ಮಕ್ಳು ತಲೆ ತಗ್ಗಿಸ್ಬೇಕು. ದುಡ್ಡು ಅವತ್ತೇ ಕೊಟ್ಟಿವ್ನಿ. ನೀನೇ ಯೋಳು, ನಾನು ಏನ್ ಮಾಡನ?"

ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಮಾತು ತಪ್ಪಿದರೆ ತೆರಕಣಾಂಬಿಯಿಂದ ಹಂಗಳದವರೆಗೆ ಒಬ್ಬರೂ ನಮ್ಮ ಮೆಟ್ಟಿಲು ಹತ್ತುವುದಿಲ್ಲ ಅಂತಲೂ ನನಗೆ ಗೊತ್ತಿತ್ತು. ಆಮೇಲೆ ಈ ವಯಸ್ಸಿನಲ್ಲಿ ನನ್ನ ಗಂಡ ಯಾರದೋ ಶೋರೂಮಿನಲ್ಲಿ ಕೈ ಕಟ್ಟಿ ನಿಲ್ಲಬೇಕು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರ ಕಣ್ಣು ರಿಪೇರಿಗೆ ಬಂದ ಒಡವೆಗಳ ಡಬ್ಬಿಯ ಕಡೆ ಹೋಯಿತು. ಯಾರದೋ ಹರಿದ ಸರ, ಯಾರದೋ ಮುರಿದ ಓಲೆ, ಎಲ್ಲ ಸೇರಿದರೆ ಮೂವತ್ತು ಗ್ರಾಮಿಗೆ ಮೋಸವಿಲ್ಲ.

"ಒಂದ್ ತಿಂಗ್ಳು ಕಣೆ. ಆಮೇಲೆ ತುಂಬ್ಸಿ ಇಟ್ಬುಡನ" ಅಂದರು.

"ಅದನ್ನು ಮುಟ್ಟಿದರೆ ನಾನು ಈ ಮನೆಯಲ್ಲಿ ಇರುವುದಿಲ್ಲ" ಅಂದೆ. ಅವರಿಗಿಂತ ಮೊದಲೇ ಆ ಡಬ್ಬಿಯನ್ನು ನೋಡಿದವಳು ನಾನು.

ಕಮ್ಮಿ ಬಿದ್ದದ್ದನ್ನು ಕೊಳ್ಳಲು ಒಂದು ಲಕ್ಷದ ಅರವತ್ತೈದು ಸಾವಿರ ಬೇಕು, ಅಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ಉಳಿದದ್ದು ನನ್ನ ಕೈಯ ಎರಡು ಬಳೆ. ಅಮ್ಮ ಸಾಯುವ ಮುಂಚೆ ತನ್ನ ಕೈಯಿಂದ ತೆಗೆದು ನನಗೆ ಹಾಕಿದ್ದು. ಸೋಪು ಹಚ್ಚಿ ತೆಗೆದೆ. ಇಪ್ಪತ್ತು ಗ್ರಾಂ ತೂಗಿತು. ಗಂಡ ಒರೆಗಲ್ಲಿಗೆ ತಿಕ್ಕಿ ನೋಡಿ, ನನ್ನ ಮುಖ ನೋಡದೆ, "ಇಪ್ಪತ್ತೆರಡಲ್ಲ ಕಣೆ ಇದು. ಬೆಸುಗೆ ಜಾಸ್ತಿ ಅದೆ. ಹತ್ತೊಂಬತ್ತು ಕ್ಯಾರೆಟ್ ಬಂದ್ರೆ ಹೆಚ್ಚು" ಅಂದರು. ಅಂದರೆ ಅಪ್ಪಟ ಹದಿನಾರು ಗ್ರಾಮೂ ಇಲ್ಲ. ಅಮ್ಮ ಸಾಯುವ ತನಕ ಅದನ್ನು ಅಪರಂಜಿ ಅಂದುಕೊಂಡಿದ್ದಳು. ಅವಳಿಗೂ ಯಾರೋ ಕಮ್ಮಿ ಕೊಟ್ಟಿದ್ದರು. ಇದು ಅವಳು ಬದುಕಿದ್ದಾಗ ಗೊತ್ತಾಗದೆ ಇದ್ದದ್ದೇ ಒಳ್ಳೆಯದಾಯಿತು.

ಬಾಗಿಲಲ್ಲಿ ಕೂತಿದ್ದ ಮಾವ ಎದ್ದು ಬಂದರು. ಬೆರಳಿನ ಉಂಗುರ ಎಳೆದು ಎಳೆದು ತೆಗೆದು, ತಕ್ಕಡಿಯ ಪಕ್ಕ ಇಟ್ಟು, ಹೋಗಿ ಮೊದಲಿನ ಜಾಗದಲ್ಲೇ ಕೂತರು. ಅದರಿಂದ ಹದಿನಾರೂವರೆ ತುಂಬಿತು. ಬಳೆ, ಉಂಗುರ ಎರಡೂ ಕರಗಿಸುವ ಮೂಸೆಗೆ ಹೋದವು.

ಹೇಳಿದ ದಿನಕ್ಕೆ ಒಡವೆ ತಯಾರಾಯಿತು, ಹಾಲ್‌ಮಾರ್ಕ್ ಆಗಿ ಬಂತು. ಮಂಡಿಯ ಅಮ್ಮ ಇಬ್ಬರೂ ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದರು. ಒಂದೊಂದನ್ನೂ ತೂಗಿಸಿದರು, ನಾನೂರು ಗ್ರಾಂ ಸರಿಯಾಗಿತ್ತು. ಕೂಲಿಯ ಹಣ ಕೊಟ್ಟು, ಒಡವೆ ಎತ್ತುವ ಮುಂಚೆ ನನಗೆ ಅರಿಶಿನ ಕುಂಕುಮ ಕೊಡಲು ಬಂದವರು ನನ್ನ ಕೈ ಹಿಡಿದು ಹಾಗೇ ನಿಂತರು. ಗಾಜಿನ ಬಳೆ ಮಾತ್ರ ಇತ್ತು. ಅವರ ಜಗಲಿಯಲ್ಲಿ ಕಾಫಿ ಲೋಟ ಹಿಡಿದಿದ್ದ ಕೈ ಅವರಿಗೆ ಮರೆತಿರಲಾರದು. ಕುಂಕುಮವನ್ನು ಎರಡು ಸಲ ಇಟ್ಟರು, ಅಷ್ಟೇ.

ಅವರು ಹೋದ ಮೇಲೆ ಗಂಡ ತಕ್ಕಡಿ ಒರೆಸುತ್ತಾ, "ಬರೋ ವರ್ಸ ಅಂಗೇ ಎರಡು ಬಳೆ ಮಾಡ್ಕೊಟ್ಬುಡ್ತೀನಿ, ಬುಡು" ಅಂದರು.

"ಯಾವ ರೇಟಿಗೆ?" ಅಂದೆ.

ಅವರು ಒರೆಸಿದ ತಕ್ಕಡಿಯನ್ನೇ ಮತ್ತೆ ಒರೆಸಿದರು.