ಮಡ್ಡಿಯ ಮೇಲಿನ ಕಂಬಳಿ
ಮಸಗುಪ್ಪಿಯ ಆಚೆ, ಒಣ ಕಲ್ಲುಮಡ್ಡಿಯ ದಿಣ್ಣೆಯಲ್ಲಿ ಕುರಿ ಮೇಯಿಸುತ್ತಿದ್ದ ನನ್ನ ಕಾಕಾ ಉರಿಬಿಸಿಲಲ್ಲೂ ಹೆಗಲ ಮೇಲಿನ ಕಂಬಳಿ ಬಿಡುತ್ತಿರಲಿಲ್ಲ. ಒಮ್ಮೆ ಫೆಬ್ರುವರಿಯಲ್ಲಿ ಅವರ ಜೊತೆ ಹೋದ ನಾನು, ಟವೆಲ್ಲೇ ಸಾಕೆಂದು ಜಂಬ ಕೊಚ್ಚಿದ್ದೆ. ಮಧ್ಯಾಹ್ನ ನೆತ್ತಿ ಸುಡುವಾಗ ಅವರು ಕಂಬಳಿಯನ್ನು ಜಾಲಿಗಿಡಕ್ಕೆ ಕಟ್ಟಿ ನೆರಳು ಮಾಡಿದರು. ಹೊತ್ತು ಮುಳುಗಿ, ಕುರಿಗಳನ್ನು ರಾತ್ರಿಗೆ ಬಯಲಲ್ಲೇ ತರುಬಿ ನಿಲ್ಲಿಸುವಷ್ಟರಲ್ಲಿ ನನ್ನ ಹಲ್ಲು ಕಟಕಟ ಎನ್ನತೊಡಗಿದವು.

“ಅಷ್ಟ ಕಾದ ನೆಲ ಹಿಂಗ್ಯಾಕ ತಣ್ಣಗಾತ್ರಿ ಕಾಕಾ?” ಎಂದೆ.

“ನೆಲದಾಗ ನೀರಿನ ಪಸಿ ಇಲ್ಲ. ಲಗೂನ ಕಾಯ್ತತಿ, ಲಗೂನ ಆರ್ತತಿ. ಮ್ಯಾಲ ಮೋಡಾನೂ ಇಲ್ಲ. ಹಗಲ ಬಿಸಲು ತಡಿಯಾಕ ಯಾರಿಲ್ಲ, ರಾತ್ರಿ ಕಾವು ಹಿಡದ ಇಡಾಕೂ ಯಾರಿಲ್ಲ,” ಎನ್ನುತ್ತ ಅದೇ ಕಂಬಳಿಯನ್ನು ನನಗೆ ಹೊದಿಸಿದರು.

ಮೋಡ ಮಾಡಬೇಕಿದ್ದ ಎರಡೂ ಕೆಲಸಗಳನ್ನು ಅಂದು ಆ ಕಂಬಳಿಯೇ ಮಾಡಿತು.