ರೂಟರಿಗೆ ನಾನು ಕಲಿಸಿದ ಶಿಸ್ತು

ನಮ್ಮ ಮನೆಯ ಗೋಡೆ ಗಡಿಯಾರ ಯಾವತ್ತೂ ಹತ್ತು ನಿಮಿಷ ಮುಂದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹೊರಮಾವಿನಿಂದ ಹೊರಟವನು ಕೆ.ಆರ್. ಪುರ ದಾಟುವುದು ಎಷ್ಟು ಹೊತ್ತಿಗೋ ದೇವರೇ ಬಲ್ಲ ಎಂದು ಈ ಪದ್ಧತಿ ತಂದವನು ನಾನೇ. ಸಮಯಪಾಲನೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ನನ್ನದೇ.

ಹೊಸ ರೂಟರ್ ಬಂದಾಗ ಆ ಜಂಬಕ್ಕೆ ಕೋಡು ಮೂಡಿತು. ಮಗಳು ಹಾಸಿಗೆಯಲ್ಲೂ ಫೋನ್ ಬಿಡುತ್ತಿರಲಿಲ್ಲ. ನೆಟ್ ನಿಧಾನವಾದಾಗಲೆಲ್ಲ ಅಮ್ಮ ಪ್ಲಗ್ ಕಿತ್ತು ಮತ್ತೆ ಹಾಕುತ್ತಿದ್ದರು. ಇನ್ನು ಅದೆಲ್ಲ ನಡೆಯದು ಎಂದು ಸಾರಿದೆ. ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ವೈಫೈ ಬಂದ್. ನಸುಕಿನ ನಾಲ್ಕಕ್ಕೆ ರೂಟರ್ ತಾನೇ ಆರಿ, ತಾನೇ ಹತ್ತಿಕೊಳ್ಳಬೇಕು. ಹಾಗಾದರೆ ಬಾಗಿಲ ಕ್ಯಾಮೆರಾವೂ ನಿಲ್ಲುತ್ತದಲ್ಲ ಎಂದು ಹೆಂಡತಿ ಕೇಳಿದಳು. ಕಳ್ಳನೂ ಒಂದು ರಾತ್ರಿ ಮಲಗಲಿ ಎಂದು ನಕ್ಕು, ಗೆದ್ದ ಖುಷಿಯಲ್ಲಿ ಬೇಗ ಮಲಗಿದೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಹೆಂಡತಿಗೆ ಆನ್‌ಲೈನ್ ಸಂದರ್ಶನವಿತ್ತು. ಮಗಳು ಹುಟ್ಟಿದಾಗ ಬಿಟ್ಟ ಕೆಲಸಕ್ಕೆ ಮರಳಲು ವರ್ಷಗಳ ನಂತರ ಸಿಕ್ಕ ಮೊದಲ ಅವಕಾಶ. ಇಸ್ತ್ರಿ ಮಾಡಿದ ಸೀರೆ ಹಿಂದಿನ ದಿನವೇ ಕುರ್ಚಿಯ ಮೇಲಿತ್ತು.

ಬೆಳಿಗ್ಗೆ ಟಿವಿಯಲ್ಲಿ ಭಕ್ತಿಗೀತೆ ಬರುತ್ತಿಲ್ಲ ಎಂದು ಅಮ್ಮ ಗೊಣಗಿದರು. ನೋಡಿದರೆ ವೈಫೈಯೇ ಇಲ್ಲ. ನೆಟ್ ಕಂಪನಿಗೆ ಫೋನ್ ಮಾಡಿ ಹರಿಹಾಯ್ದೆ. ಲೈನ್ ಸರಿಯಾಗಿದೆ, ನಿಮ್ಮ ರೂಟರನ್ನೇ ನೋಡಿಕೊಳ್ಳಿ ಎಂದರು. ಅವರಿಗೇನು ಗೊತ್ತು ಎಂದುಕೊಂಡು, ಅವಳ ಹಳೆಯ ಲ್ಯಾಪ್‌ಟಾಪಿಗೆ ರೂಟರಿನಿಂದ ನೇರವಾಗಿ ಕೇಬಲ್ ಎಳೆದೆ. ನೆಟ್ ಬಂತು. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವುದೊಂದು ಬಾಕಿ.

ಒಂಬತ್ತೂವರೆಗೆ ಪರದೆಯ ಮೇಲಿನ ಮುಖಗಳು ಇದ್ದಲ್ಲೇ ನಿಂತುಬಿಟ್ಟವು. ರೂಟರಿನ ದೀಪಗಳೆಲ್ಲ ಆರಿ, ಒಂದೊಂದಾಗಿ ಹತ್ತತೊಡಗಿದವು. ಅವಳು ನನ್ನತ್ತ ನೋಡಲೂ ಇಲ್ಲ. ಫೋನಿನ ಹಾಟ್‌ಸ್ಪಾಟ್ ಹಾಕಿ, ಕ್ಷಮೆ ಕೇಳಿ, ಮಾತು ಮುಂದುವರಿಸಿದಳು.

ಆಗ ಹೊಳೆಯಿತು. ಯಾವ ದೇಶದ ಸಮಯ ಎಂದು ರೂಟರ್ ಮೊದಲೇ ಕೇಳಿತ್ತು. ನನಗೆ ಗಡಿಯಾರದ ಪಾಠವೇ ಎಂದು ನಾನು ದಾಟಿಸಿಬಿಟ್ಟಿದ್ದೆ. ಅದು ನಮಗಿಂತ ಐದೂವರೆ ಗಂಟೆ ಹಿಂದಿನ ಗ್ರೀನಿಚ್ ಸಮಯದಲ್ಲೇ ಉಳಿದಿತ್ತು. ನಮ್ಮ ಒಂಬತ್ತೂವರೆ ಅದಕ್ಕೆ ನಸುಕಿನ ನಾಲ್ಕು. ಅದರ ರಾತ್ರಿ ಹನ್ನೊಂದು ನಮಗೆ ನಸುಕಿನ ನಾಲ್ಕೂವರೆ; ವೈಫೈ ನಿಂತದ್ದೇ ಆಗ, ಅಲ್ಲಿಯವರೆಗೆ ರಾತ್ರಿಯಿಡೀ ಬರುತ್ತಲೇ ಇತ್ತಂತೆ. ಮಗಳಿಗೆ ಅದು ಗೊತ್ತಿತ್ತು, ಹೇಳುವ ದಡ್ಡತನ ಮಾಡಲಿಲ್ಲ, ಅಷ್ಟೇ.

ಸಂದರ್ಶನ ಮುಗಿಸಿ ಬಂದವಳ ಮುಂದೆ ತಪ್ಪಿತಸ್ಥನಂತೆ ನಿಂತೆ. ನಿಜಕ್ಕೂ ಹೆದರಿದ್ದೆ.

"ಸಡನ್ನಾಗಿ ತೊಂದ್ರೆ ಬಂದ್ರೆ ಹೇಗೆ ನಿಭಾಯಿಸ್ತೀರಾ ಅಂತ ಕೇಳಿದ್ರು ರೀ," ಎಂದಳು. "ಈಗ ತಾನೆ ನೋಡಿದ್ರಲ್ಲ, ಮನೇಲಿ ದಿನಾ ಇದೇ ಪ್ರಾಕ್ಟೀಸು ಅಂದೆ."

ಕೆಲಸ ಸಿಕ್ಕಿತು. ರೂಟರಿನ ಪಾಸ್‌ವರ್ಡ್ ಈಗ ಅವಳ ಬಳಿ ಇದೆ. ನಸುಕಿನಲ್ಲಿ ರೂಟರ್ ಆರಿ ಹತ್ತುತ್ತದೆ, ನೆಟ್ ಚುರುಕಾಗಿದೆ, ಕ್ಯಾಮೆರಾ ರಾತ್ರಿಯೂ ಕಣ್ಣು ಬಿಟ್ಟಿರುತ್ತದೆ. ಹನ್ನೊಂದಕ್ಕೆ ವೈಫೈ ನಿಲ್ಲುವುದು ಎರಡೇ ಫೋನುಗಳಿಗೆ. ಒಂದು ಮಗಳದು, ಇನ್ನೊಂದು ನನ್ನದು.